ರಜೆ ಕೇಳುವ ಮೊದಲು 13 ಭಾನುವಾರ ಎಣಿಸು

ಧಾರವಾಡ

ಪ್ರೀತಿಯ ಮಗನೇ,

ನಮ್ಮ ಕರ್ತನ ನಾಮದಲ್ಲಿ ನಿನಗೂ ಸೊಸೆಗೂ ಮೊಮ್ಮಕ್ಕಳಿಗೂ ದೊಡ್ಡಪ್ಪನ ಆಶೀರ್ವಾದಗಳು. ಸಭಾ ಸಮಿತಿಗೆ ಕೊಡಬೇಕೆಂದು ನೀನು ಬರೆದಿಟ್ಟ ರಜೆಯ ಅರ್ಜಿ ತಲುಪಿತು. ಕನ್ನಡಕ ಹಾಕಿಕೊಂಡು ಮೂರು ಸಲ ಓದಿದೆ. ಸಭಾಪಾಲಕನಾಗಿ ದೀಕ್ಷೆ ಪಡೆದು ಎಂಟು ವರ್ಷ, ಈ ಸಭೆಗೆ ಬಂದು ನಾಲ್ಕು ವರ್ಷ. ಇಷ್ಟು ದಿನದಲ್ಲಿ ಒಟ್ಟಿಗೆ ಹತ್ತು ದಿನ ಊರು ಬಿಟ್ಟವನಲ್ಲ ನೀನು. ವಿಶ್ರಾಂತಿಗೂ ಓದಿಗೂ ಎಂದು ಮೂರು ತಿಂಗಳ ಸಬ್ಬತ್ ರಜೆ ಕೇಳುವುದರಲ್ಲಿ ತಪ್ಪೇನೂ ಇಲ್ಲ, ಕೇಳು. ಆದರೆ ಈ ಅರ್ಜಿಯನ್ನು ಹೀಗೇ ಕೊಡಬೇಡ.

ಎರಡು ಪುಟದ ಅರ್ಜಿಯಲ್ಲಿ ಒಂದೂವರೆ ಪುಟ ನಿನ್ನ ದಣಿವಿನದೇ ಮಾತು. ಕೊನೆಗೆ ಒಂದೇ ಸಾಲು: "ನನ್ನ ಅನುಪಸ್ಥಿತಿಯಲ್ಲಿ ಆರಾಧನೆಗಳಿಗೆ ತಕ್ಕ ಏರ್ಪಾಡು ಮಾಡಲಾಗುವುದು." ಸಮಿತಿಯವರು ಮೊದಲು ನೋಡುವುದು ಈ ಸಾಲನ್ನೇ. ಏರ್ಪಾಡು ಮಾಡುವವರು ಯಾರು, ಏನು ಏರ್ಪಾಡು ಎಂದು ಅದರಲ್ಲಿ ಇಲ್ಲವೇ ಇಲ್ಲ. ಹಾಗೆ ಹೇಳದೆ ಹೋದರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಇದನ್ನು ನಿನ್ನ ಅಪ್ಪನಿಗೂ ಹೇಳಿರಲಿಲ್ಲ, ನಿನಗೆ ಹೇಳುತ್ತೇನೆ.

ನನಗೆ ನಿನ್ನ ವಯಸ್ಸಿದ್ದಾಗ ಎರಡು ತಿಂಗಳ ರಜೆ ಸಿಕ್ಕಿತ್ತು. ಅಕ್ಕಪಕ್ಕದ ಇಬ್ಬರು ಸಭಾಪಾಲಕರ ಹತ್ತಿರ ಬಾಯಿಮಾತಿನಲ್ಲಿ "ಸ್ವಲ್ಪ ನೋಡಿಕೊಳ್ಳಿ" ಎಂದು ಹೇಳಿ ಹೊರಟೆ. ಇಬ್ಬರೂ ಒಪ್ಪಿದ್ದರು, ಒಳ್ಳೆಯ ಮನುಷ್ಯರೇ. ಮೂರನೆಯ ವಾರ ನಮ್ಮ ಸಭೆಯ ಹಿರಿಯರೊಬ್ಬರು, ದರ್ಜಿ ಕೆಲಸ ಮಾಡುತ್ತಿದ್ದವರು, ಬೆಳಗಿನ ಜಾವ ತೀರಿಕೊಂಡರು. ಮನೆಯವರು ಒಬ್ಬ ಸಭಾಪಾಲಕರಿಗೆ ಹೇಳಿ ಕಳುಹಿಸಿದರು. ಅವರು, ಈ ವಾರ ಇನ್ನೊಬ್ಬರದು ಎಂದುಕೊಂಡು ಅತ್ತ ಕಳುಹಿಸಿದರು. ಆ ಇನ್ನೊಬ್ಬರು ಮದುವೆಗೆಂದು ಪರಊರಿಗೆ ಹೋಗಿದ್ದರು. ಮೇ ತಿಂಗಳ ಬಿಸಿಲು. ಮಂಜುಗಡ್ಡೆಯ ಹಲಗೆ ತಂದು, ಹೊಟ್ಟು ಹಾಕಿ, ಮರುದಿನ ಮಧ್ಯಾಹ್ನದವರೆಗೆ ಆ ಮನೆಯವರು ಕಾದರು. ನಾನು ವಾಪಸು ಬಂದ ಮೇಲೆ ಅವರ ಮಗ ನನ್ನೆದುರು ಕೂತು, ದನಿ ಎತ್ತದೆ ಕೇಳಿದ: "ಅಯ್ಯನವರೇ, ನೀವು ಹೋಗುವಾಗ ನಮ್ಮಪ್ಪನನ್ನು ಯಾರ ಕೈಗೆ ಒಪ್ಪಿಸಿ ಹೋಗಿದ್ದಿರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಿನ್ನ ಅರ್ಜಿಯಲ್ಲಿ ಆ ಪ್ರಶ್ನೆಗೆ ಉತ್ತರ ಇರಬೇಕು.

ಅರ್ಜಿಗೂ ಮುಂಚೆ ಒಂದು ಕೆಲಸವಿದೆ. ನಮ್ಮ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಯಲ್ಲಿ ನಿನ್ನನ್ನು ನೇಮಿಸಿದವರು ಬಿಷಪ್. ಸಭಾ ಸಮಿತಿಯೊಂದೇ ನಿನ್ನನ್ನು ಬಿಟ್ಟುಕೊಡಲು ಬರುವುದಿಲ್ಲ, ಬಿಷಪ್ಪರ ಅನುಮತಿ ಬೇಕು. ಆದ್ದರಿಂದ ಮೊದಲು ವಲಯಾಧ್ಯಕ್ಷರನ್ನು ಕಂಡು ಮಾತಾಡು, ಆಮೇಲೆ ಬಿಷಪ್ಪರ ಬಳಿ ಹೋಗು. ಸಂಬಳ ಸಹಿತ ಎಷ್ಟು ದಿನ ಕೊಡಬಹುದೆಂದು ಸಭಾಪ್ರಾಂತದ ಸೇವಾ ನಿಯಮಗಳಲ್ಲಿ ನೋಡಿಕೊ. ಇನ್ನೊಂದು ಮಾತನ್ನೂ ಬಾಯಿಬಿಟ್ಟು ಕೇಳು: ಮುಂದಿನ ವರ್ಷ ನಿನಗೆ ವರ್ಗವಿದೆಯೇ? ರಜೆ ಮುಗಿಸಿ ಬಂದ ಆರು ತಿಂಗಳಿಗೆ ನಿನ್ನನ್ನು ಬೇರೆ ಊರಿಗೆ ಹಾಕಿದರೆ, ನಮ್ಮ ಖರ್ಚಿನಲ್ಲಿ ಇನ್ನೊಂದು ಸಭೆಗೆ ತಯಾರಾಗಿ ಹೋದರು ಎಂದು ಜನ ನೊಂದುಕೊಳ್ಳುತ್ತಾರೆ. ಹಿಂದಿರುಗಿ ಬಂದು ಕನಿಷ್ಠ ಒಂದು ವರ್ಷ ಇದೇ ಸಭೆಯಲ್ಲಿರುತ್ತೇನೆ ಎಂದು ಬರೆಯುವಂತಾದರೆ ಅರ್ಜಿಗೆ ತೂಕ ಬರುತ್ತದೆ. ಆ ಮಾತು ನಿನ್ನ ಕೈಯಲ್ಲಿಲ್ಲ, ಬಿಷಪ್ಪರ ಕೈಯಲ್ಲಿದೆ. ಅದಕ್ಕೇ ಮೊದಲು ಅಲ್ಲಿಗೆ ಹೋಗು ಎಂದದ್ದು.

ಈಗ ದಣಿವಿನ ವಿಷಯ. ರಾತ್ರಿ ನಿದ್ದೆ ಬರುವುದಿಲ್ಲ, ಪ್ರಸಂಗ ಬರೆಯಲು ಕೂತರೆ ಕೈ ನಡುಗುತ್ತದೆ ಎಂದು ಬರೆದಿದ್ದೀಯ. ಮಗನೇ, ಇದನ್ನು ಮೊದಲು ವೈದ್ಯರಿಗೆ ಹೇಳು. ಕಾಯಿಲೆ ಇದ್ದರೆ ಕಾಯಿಲೆಯ ರಜೆ ಕೇಳು. ಅದರ ಹೆಸರು ಬೇರೆ, ಅದಕ್ಕೆ ಏರ್ಪಾಡೂ ಬೇರೆ. ಅದನ್ನು ಸಬ್ಬತ್ ರಜೆಯೊಳಗೆ ಮುಚ್ಚಿಟ್ಟರೆ ಮದ್ದೂ ಆಗುವುದಿಲ್ಲ, ವಿಶ್ರಾಂತಿಯೂ ಆಗುವುದಿಲ್ಲ. ವೈದ್ಯರು ದೇಹಕ್ಕೇನೂ ಇಲ್ಲ, ಬಿಡುವು ಬೇಕು ಎಂದರೆ ಆಗ ಈ ಅರ್ಜಿ ಕೊಡು. ದಣಿವಿನ ಬಗ್ಗೆ ಅದರಲ್ಲಿ ಎರಡು ವಾಕ್ಯ ಸಾಕು. ಇದ್ದದ್ದನ್ನು ಇದ್ದ ಹಾಗೆ ಹೇಳು, ಬೆಳೆಸಬೇಡ. ಒಂದೂವರೆ ಪುಟ ಓದಿದವರಿಗೆ ಅಯ್ಯನವರಿಗೆ ನಮ್ಮ ಸಭೆ ಸಾಕಾಗಿದೆ ಎಂದೇ ಅನಿಸುತ್ತದೆ.

ಉದ್ದೇಶ ಎಂಬ ಕಡೆ ನೀನು "ಆತ್ಮಿಕ ನವೀಕರಣ, ಅಧ್ಯಯನ ಹಾಗೂ ಕುಟುಂಬದೊಂದಿಗೆ ಸಮಯ" ಎಂದು ಬರೆದಿದ್ದೀಯ. ಇದು ಯಾವ ಊರಿನ ಯಾವ ಸಭಾಪಾಲಕನೂ ಬರೆಯಬಹುದಾದ ಮಾತು. ಹೋದ ಕ್ರಿಸ್ಮಸ್ಸಿಗೆ ಬಂದಾಗ ನೀನು ನನಗೆ ಹೇಳಿದ್ದು ಬೇರೆ. ನಿಮ್ಮ ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರುವ ಅಜ್ಜಿ ಸಂಗೀತದ ಪುಸ್ತಕವನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡು ಆರು ಚರಣವನ್ನೂ ಬಾಯಿಪಾಠ ಹಾಡುತ್ತಾರೆ, ಅವರ ಪಕ್ಕದಲ್ಲೇ ನಿಂತ ಮೊಮ್ಮಗನಿಗೆ ಪುಸ್ತಕ ತೆರೆದಿದ್ದರೂ ರಾಗ ಸಿಗುವುದಿಲ್ಲ ಎಂದೆ. ಆ ಹಳೆಯ ಸಂಗೀತಗಳು ಎಲ್ಲಿಂದ ಬಂದವು, ಯಾರು ಕನ್ನಡಕ್ಕೆ ತಂದರು, ಮೂಲ ರಾಗ ಯಾವುದು ಎಂದು ಕಲಿಯಬೇಕು ಎಂದೆ. ಅದನ್ನೇ ಬರೆ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ನಮ್ಮ ಧಾರವಾಡಕ್ಕೆ 1837ರಲ್ಲಿ. ಅಂದಿನ ಕಾಗದಪತ್ರ, ಹಳೆಯ ಮುದ್ರಣಗಳು ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿವೆ. ಅಲ್ಲಿ ಕೂತು ಓದಲು ಅನುಮತಿ ಬೇಕೆಂದು ಈಗಲೇ ಪತ್ರ ಬರೆದು, ಅವರ ಉತ್ತರವನ್ನು ಅರ್ಜಿಗೆ ಲಗತ್ತಿಸು. ಅಯ್ಯನವರು ಹೋಗುವುದು ನಮ್ಮ ಹಾಡಿಗಾಗಿ ಎಂದು ಆ ಅಜ್ಜಿಗೂ ತಿಳಿಯಲಿ.

ಒಂದು ಎಚ್ಚರಿಕೆ. ಪುಸ್ತಕ ಬರೆದು ತರುತ್ತೇನೆ ಎಂದು ಮಾತು ಕೊಡಬೇಡ. ಹತ್ತು ಸಂಗೀತಗಳನ್ನು ರಾಗ ಸಮೇತ ಕಲಿತು ಬಂದು, ಗಾಯನ ಮಂಡಳಿಗೆ ಕಲಿಸಿ, ಅವುಗಳ ಹಿನ್ನೆಲೆಯನ್ನು ಒಂದು ಸಂಜೆ ಸಭೆಗೆ ಹೇಳುತ್ತೇನೆ ಎನ್ನು. ಅಷ್ಟು ಸಾಕು, ಅಷ್ಟನ್ನು ನೀನು ಮಾಡಿಯೇ ಮಾಡುತ್ತೀಯ. ಮೊದಲ ನಾಲ್ಕು ವಾರ ಏನನ್ನೂ ಓದಲು ಹೋಗಬೇಡ, ನಿದ್ದೆ ಮಾಡು, ಮಕ್ಕಳ ಜೊತೆ ಇರು. ನಡುವಿನ ಆರು ವಾರ ಬಲ್ಮಠ. ಕೊನೆಯ ಮೂರು ವಾರ ಬರೆದದ್ದನ್ನು ಸರಿಪಡಿಸಿಕೊಂಡು, ನಿಧಾನಕ್ಕೆ ಮನಸ್ಸನ್ನು ಸಭೆಯ ಕಡೆ ತಿರುಗಿಸು. ಹೀಗೆ ಅರ್ಜಿಯಲ್ಲೇ ಬರೆ. ವಿಶ್ರಾಂತಿಯನ್ನು ಓದಿನ ಮರೆಯಲ್ಲಿ ಅಡಗಿಸಬೇಡ. ಏಳನೆಯ ವರ್ಷ ಭೂಮಿಯನ್ನು ಬೀಳು ಬಿಡಬೇಕೆಂದು ಯಾಜಕಕಾಂಡದ 25ನೆಯ ಅಧ್ಯಾಯದಲ್ಲೇ ಇದೆಯಲ್ಲ. ನಿಮ್ಮ ಸಮಿತಿಯಲ್ಲಿ ಅರ್ಧ ಜನ ಹೊಲ ತೋಟ ಇರುವವರು, ಆ ಮಾತು ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು.

ಅವಧಿಯನ್ನು "ಸುಮಾರು ಮೂರು ತಿಂಗಳು" ಎಂದಿದ್ದೀಯ. "ಸುಮಾರು" ಬೇಡ. ಯಾವ ದಿನ ಹೋಗುವುದು, ಯಾವ ಭಾನುವಾರ ಮತ್ತೆ ಪ್ರಸಂಗಪೀಠಕ್ಕೆ ಬರುವುದು, ತಾರೀಖು ಹಾಕು. ಜೂನ್ ಎರಡನೆಯ ಭಾನುವಾರದಿಂದ ಸೆಪ್ಟೆಂಬರ್ ಮೊದಲ ಭಾನುವಾರದವರೆಗೆ ಇಟ್ಟುಕೊ. ಈಸ್ಟರ್ ಮುಗಿದಿರುತ್ತದೆ, ಏಪ್ರಿಲ್ ಮೇ ತಿಂಗಳ ಮದುವೆಗಳೂ ರಜಾ ವೇದಶಾಲೆಯೂ ಮುಗಿದಿರುತ್ತವೆ, ಮಳೆಗಾಲದಲ್ಲಿ ಸಭೆಯ ಕಾರ್ಯಕ್ರಮಗಳೂ ಕಡಿಮೆ. ಸುಗ್ಗಿ ಹಬ್ಬಕ್ಕೂ ಆಗಮನ ಕಾಲಕ್ಕೂ ನೀನು ಮನೆಯಲ್ಲಿರುತ್ತೀಯ. ಈ ವರ್ಷ ದೃಢೀಕರಣಕ್ಕೆ ಮಕ್ಕಳಿದ್ದಾರೆಂದರೆ ಅವರ ತರಗತಿಯನ್ನು ಮೇ ಒಳಗೆ ಮುಗಿಸು, ಇಲ್ಲವೇ ಬಂದ ಮೇಲೆ ಶುರು ಮಾಡು. ಅರ್ಧ ನಡೆದ ತರಗತಿಯನ್ನು ಬೇರೆಯವರ ಕೈಗೆ ಕೊಟ್ಟು ಹೋಗಬೇಡ.

ಈ ಅವಧಿಯಲ್ಲಿ, ಕ್ಯಾಲೆಂಡರ್ ನೋಡಿ ಎಣಿಸಿದೆ, 13 ಭಾನುವಾರ ಬರುತ್ತವೆ. ಒಂದು ಹಾಳೆ ತೆಗೆದುಕೊಂಡು 13 ತಾರೀಖನ್ನೂ ಒಂದರ ಕೆಳಗೊಂದು ಬರೆ. ನಿಮ್ಮಲ್ಲಿ ಕರ್ತನ ಭೋಜನ ತಿಂಗಳ ಮೊದಲ ಭಾನುವಾರ, ಅಂದರೆ ಜುಲೈ, ಆಗಸ್ಟ್, ಸೆಪ್ಟೆಂಬರ್ ಸೇರಿ ಮೂರು. ಆ ಮೂರಕ್ಕೆ ದೀಕ್ಷೆ ಹೊಂದಿದ ಸಭಾಪಾಲಕರೇ ಬೇಕು, ಉಪದೇಶಿಯೋ ಸಭೆಯ ಹಿರಿಯರೋ ನಡೆಸುವಂತಿಲ್ಲ. ಪಕ್ಕದ ಸಭೆಯವರನ್ನು ಕೇಳು. ಆದರೆ ಅವರ ಸಭೆಯಲ್ಲೂ ಅದೇ ಮೊದಲ ಭಾನುವಾರ ಭೋಜನ ಇರುತ್ತದೆ! ಇಲ್ಲೇ ಎಲ್ಲರೂ ಎಡವುವುದು. ಅವರು ಎಂಟು ಗಂಟೆಗೆ ತಮ್ಮಲ್ಲಿ ಮುಗಿಸಿ ಹನ್ನೊಂದಕ್ಕೆ ನಿಮ್ಮಲ್ಲಿಗೆ ಬರಬಹುದೇ, ಇಲ್ಲವೇ ಆ ಮೂರು ತಿಂಗಳು ನಿಮ್ಮ ಭೋಜನವನ್ನು ಎರಡನೆಯ ಭಾನುವಾರಕ್ಕೆ ಹಾಕೋಣವೇ ಎಂದು ಈಗಲೇ ತೀರ್ಮಾನಿಸಬೇಕು. ಎರಡನೆಯದಕ್ಕೆ ಹಾಕಿದರೆ ಸೆಪ್ಟೆಂಬರಿನದು ನೀನು ಬಂದ ಮೇಲೆ ನಿನ್ನ ಕೈಯಿಂದಲೇ ಆಗುತ್ತದೆ, ಹೊರಗಿನವರಿಗೆ ಎರಡೇ ಉಳಿಯುತ್ತವೆ. ನನಗೆ ಇದೇ ಸರಿ ಅನಿಸುತ್ತದೆ.

ಆಗ ಬೇರೆಯವರು ನಡೆಸಬೇಕಾದ ಸಾಧಾರಣ ಆರಾಧನೆ 11. ನಿಮ್ಮೂರಲ್ಲೇ ಇರುವ ನಿವೃತ್ತ ಸಭಾಪಾಲಕರಿಗೆ ನಾಲ್ಕು ಕೊಡು, ಅವರ ವಯಸ್ಸಿಗೆ ಅದಕ್ಕಿಂತ ಹೆಚ್ಚು ಹೇರಬೇಡ. ಪ್ರಸಂಗ ಮಾಡಬಲ್ಲ ಸಭೆಯ ಹಿರಿಯರು ಇಬ್ಬರಿದ್ದಾರೆ ಎಂದಿದ್ದೆ, ಒಬ್ಬೊಬ್ಬರಿಗೆ ಎರಡು. ಸ್ತ್ರೀಯರ ಕೂಟಕ್ಕೆ ಒಂದು, ಯುವಜನರಿಗೆ ಒಂದು. ಉಳಿದ ಒಂದಕ್ಕೆ ವಲಯಾಧ್ಯಕ್ಷರನ್ನೇ ಕರೆ. ನೀನಿಲ್ಲದಾಗ ಸಭೆ ಹೇಗಿದೆಯೆಂದು ಅವರೂ ನೋಡಿದಂತಾಗುತ್ತದೆ. ಹೆಸರು ಬರೆದ ಮೇಲೆ ಒಬ್ಬೊಬ್ಬರ ಮನೆಗೆ ಹೋಗಿ ಅವರ ತಾರೀಖು ತೋರಿಸಿ, ಆಗುತ್ತದೆ ಎಂದು ಅವರಿಂದಲೇ ಆ ಹಾಳೆಯ ಮೇಲೆ ಸಹಿ ಹಾಕಿಸು. ಆ ಸಹಿಯ ಹಾಳೆ ಅರ್ಜಿಯ ಹಿಂದೆ ಇರಲಿ.

ಭಾನುವಾರಗಳ ಕೆಲಸ ಸುಲಭ, ತಾರೀಖು ಮೊದಲೇ ಗೊತ್ತು. ಸಾವು ತಾರೀಖು ಹೇಳಿ ಬರುವುದಿಲ್ಲ. ಅದಕ್ಕೆ ಇಬ್ಬರು ಮೂವರ ಪಟ್ಟಿ ಕೊಡಬೇಡ, ಆ ದರ್ಜಿಯವರ ಮನೆಯಲ್ಲಿ ಆದದ್ದು ಅದೇ. 13 ವಾರಕ್ಕೂ ಕರೆ ಹೋಗುವ ಫೋನು ಒಂದೇ ಇರಲಿ, ಅದು ಸಭೆಯ ಕಾರ್ಯದರ್ಶಿಯವರದು. ಸಭೆಯವರು ಅವರಿಗೊಬ್ಬರಿಗೆ ಹೇಳಿದರೆ ಮುಗಿಯಿತು. ಈ ವಾರ ಯಾರ ಪಾಳಿ, ಅವರು ಊರಲ್ಲಿಲ್ಲದಿದ್ದರೆ ಇನ್ಯಾರು ಎಂಬುದು ಕಾರ್ಯದರ್ಶಿಯ ಕೈಯಲ್ಲಿರುವ ಚೀಟಿಯಲ್ಲಿರಲಿ. ಪಾಳಿಯವರು ಊರು ಬಿಡುವುದಿದ್ದರೆ ಹಿಂದಿನ ದಿನವೇ ಅವರಿಗೆ ತಿಳಿಸಬೇಕು. ಸ್ಮಶಾನದ ಬೀಗದ ಕೈ ಎಲ್ಲಿದೆ, ಗುಂಡಿ ತೋಡುವವರು ಯಾರು, ಸಮಾಧಿಯ ರಿಜಿಸ್ಟರ್ ಯಾವ ಕಪಾಟಿನಲ್ಲಿದೆ ಎಂಬುದೂ ಆ ಚೀಟಿಯಲ್ಲೇ ಬರಲಿ.

ಹಾಸಿಗೆ ಹಿಡಿದವರ ವಿಷಯ ಇದಕ್ಕಿಂತ ಸೂಕ್ಷ್ಮ. ನೀನು ತಿಂಗಳಿಗೊಮ್ಮೆ ಮನೆಗೆ ಹೋಗಿ ಭೋಜನ ಕೊಡುವವರು ಒಂಬತ್ತು ಜನ ಎಂದಿದ್ದೆ. ಹೋಗುವ ಮುಂಚೆ ನಿವೃತ್ತ ಅಯ್ಯನವರನ್ನು ಜೊತೆಗೆ ಕರೆದುಕೊಂಡು ಒಂಬತ್ತೂ ಮನೆಗೆ ಹೋಗು. ಹಾಸಿಗೆಯ ಪಕ್ಕ ಅವರನ್ನು ಕೂರಿಸಿ, "ಮೂರು ತಿಂಗಳು ಇವರು ಬರುತ್ತಾರೆ" ಎಂದು ನೀನೇ ಹೇಳು. ಯಾರ ಕಿವಿ ಮಂದ, ಯಾರಿಗೆ ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡಬೇಕು ಎಂಬುದನ್ನೆಲ್ಲ ಅವರು ಕಣ್ಣಲ್ಲಿ ನೋಡಿದರೇ ನೆನಪಿರುವುದು.

ಮದುವೆ ಗೊತ್ತಾಗಿದ್ದರೆ ಮೂರು ಭಾನುವಾರದ ಪ್ರಕಟಣೆ ಓದುವವರು ಯಾರು, ಮದುವೆ ನಡೆಸುವವರು ಯಾರು ಎಂದು ಬೇರೆಯಾಗಿ ಬರೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಬಿಷಪ್ಪರಿಂದ ದೀಕ್ಷೆ ಪಡೆದವರು ತಮ್ಮ ಸಭೆಯ ಕ್ರಮದಂತೆ ಮದುವೆ ನಡೆಸಬಹುದು, ಆದ್ದರಿಂದ ಪಕ್ಕದ ಸಭಾಪಾಲಕರೋ ನಿವೃತ್ತರೋ ಬಂದರೆ ತೊಂದರೆಯಿಲ್ಲ. ಹಿರಿಯರೊಬ್ಬರು ಪ್ರೀತಿಯಿಂದ ನಾನೇ ನಡೆಸುತ್ತೇನೆ ಎಂದರೆ ಬೇಡ ಎನ್ನಬೇಕು.

ಬ್ಯಾಂಕಿನದು ಎಲ್ಲರೂ ಮರೆಯುವ ಸಂಗತಿ. ಚೆಕ್ಕಿಗೆ ನೀನೂ ಖಜಾಂಚಿಯೂ ಸಹಿ ಮಾಡುವವರು. ನೀನು ಹೋದರೆ ಗಂಟೆ ಬಾರಿಸುವವರ ಸಂಬಳ, ಕರೆಂಟ್ ಬಿಲ್ಲು ನಿಲ್ಲುತ್ತವೆ. ಕೆಲವರು ಖಾಲಿ ಚೆಕ್ಕುಗಳಿಗೆ ಸಹಿ ಹಾಕಿಟ್ಟು ಹೋಗುತ್ತಾರೆ. ನೀನು ಅದನ್ನು ಎಂದೂ ಮಾಡಬೇಡ, ಖಜಾಂಚಿ ಎಷ್ಟೇ ನಂಬಿಗಸ್ತರಿರಲಿ. ಕಾರ್ಯದರ್ಶಿಗೆ ತಾತ್ಕಾಲಿಕವಾಗಿ ಸಹಿಯ ಅಧಿಕಾರ ಕೊಡುವ ಠರಾವನ್ನು ಸಮಿತಿಯಲ್ಲಿ ಪಾಸು ಮಾಡಿಸಿ, ಅದರ ಪ್ರತಿಯನ್ನು ಏಪ್ರಿಲ್‌ನಲ್ಲೇ ಬ್ಯಾಂಕಿಗೆ ಕೊಡು. ಬ್ಯಾಂಕಿನವರು ಒಂದೇ ದಿನದಲ್ಲಿ ಮಾಡಿಕೊಡುವ ಕೆಲಸ ಅದಲ್ಲ.

ಇನ್ನು ಸೊಸೆಯ ವಿಷಯ. ನಿನ್ನ ಅರ್ಜಿಯಲ್ಲಿ ಅವಳ ಬಗ್ಗೆ ಒಂದು ಮಾತೂ ಇಲ್ಲ. ನೀನು ಬಲ್ಮಠಕ್ಕೆ ಹೋದ ಆರು ವಾರ ಅವಳು ಮಕ್ಕಳೊಂದಿಗೆ ಅದೇ ಬಂಗಲೆಯಲ್ಲಿದ್ದರೆ ಜನ ಬಾಗಿಲು ತಟ್ಟುವುದು ನಿಲ್ಲುವುದಿಲ್ಲ. ಅಯ್ಯನವರಿಲ್ಲದಿದ್ದರೆ ಅಮ್ಮನವರು. ಜಗಳ ಬಿಡಿಸುವುದು, ಆಸ್ಪತ್ರೆಗೆ ಓಡುವುದು, ಚರ್ಚಿನ ಬೀಗದ ಕೈ ಕೊಡುವುದು ಎಲ್ಲವೂ ಅವಳ ತಲೆಗೆ. ನನ್ನ ಆ ಎರಡು ತಿಂಗಳಲ್ಲಿ ನಿನ್ನ ದೊಡ್ಡಮ್ಮ ಸಭಾಪಾಲಕಿಯಾಗಿದ್ದಳು, ಸಂಬಳವಿಲ್ಲದೆ, ಕೇಳುವವರಿಲ್ಲದೆ. ಅದಕ್ಕಾಗಿ ಈಗಲೂ ನನ್ನ ಮನಸ್ಸು ನೋಯುತ್ತದೆ. ಆದ್ದರಿಂದ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆ: ಈ ಅವಧಿಯಲ್ಲಿ ಸಭೆಯ ಯಾವ ಕೆಲಸವೂ ಬಂಗಲೆಗೆ ಬರಬಾರದು, ಬೀಗದ ಕೈಗಳು ಕಾರ್ಯದರ್ಶಿಯವರಲ್ಲಿರುತ್ತವೆ. ಗೇಟಿನ ಹತ್ತಿರವೂ ಅವರ ಫೋನ್ ನಂಬರಿನ ಬೋರ್ಡು ಹಾಕಿಸು. ಮೊದಲ ನಾಲ್ಕು ವಾರ ಅವಳನ್ನೂ ಮಕ್ಕಳನ್ನೂ, ಶಾಲೆ ಹೊಂದಿಸಿಕೊಳ್ಳಲು ಆದಷ್ಟು ದಿನ, ಇಲ್ಲಿಗೆ ಕರೆದುಕೊಂಡು ಬಾ. ಮೇಲಿನ ಕೋಣೆ ಖಾಲಿ ಇದೆ.

ಖರ್ಚಿನ ಲೆಕ್ಕವನ್ನು ಅವರು ಕೇಳುವ ಮೊದಲೇ ಕೊಡು. ನಿವೃತ್ತರಿಗೆ ಭಾನುವಾರಕ್ಕೆ 1,500ರಂತೆ ನಾಲ್ಕಕ್ಕೆ 6,000 ರೂಪಾಯಿ. ಭೋಜನಕ್ಕೆ ಬರುವವರ ಪ್ರಯಾಣಕ್ಕೆ 500ರಂತೆ ಎರಡು ಸಲಕ್ಕೆ 1,000. ಮನೆಭೇಟಿ, ಶವಸಂಸ್ಕಾರಗಳ ಆಟೋ ಖರ್ಚಿಗೆ 5,000 ತೆಗೆದಿಡು. ಒಟ್ಟು 12,000. ನಿನ್ನ ಊರಿನ ದರ ಬೇರೆಯಿದ್ದರೆ ಅದನ್ನು ಹಾಕು. ಬಲ್ಮಠದ ಊಟ ವಸತಿ ನಿನ್ನ ಕೈಯಿಂದಲೇ ಎಂದೂ ಬರೆ, ಕೊರತೆಯಾದರೆ ನಾನಿದ್ದೇನೆ.

ಅರ್ಜಿಯ ಮೊದಲ ಪ್ಯಾರಾ ಹೀಗಿದ್ದರೆ ಸಾಕು:

"ಮಾನ್ಯರೇ, ಜೂನ್ ಎರಡನೆಯ ಭಾನುವಾರದಿಂದ ಸೆಪ್ಟೆಂಬರ್ ಮೊದಲ ಭಾನುವಾರದವರೆಗೆ 13 ವಾರಗಳ ಸಬ್ಬತ್ ರಜೆಗೆ ಒಪ್ಪಿಗೆ ನೀಡಿ, ಬಿಷಪ್ಪರಿಗೆ ಶಿಫಾರಸು ಮಾಡಬೇಕೆಂದು ಕೋರುತ್ತೇನೆ. ಎಂಟು ವರ್ಷಗಳ ಸೇವೆಯ ನಂತರ ನನಗೆ ವಿಶ್ರಾಂತಿ ಬೇಕಾಗಿದೆ. ವಿಶ್ರಾಂತಿಯ ನಂತರದ ಆರು ವಾರ ನಮ್ಮ ಸಭೆಯ ಹಳೆಯ ಸಂಗೀತಗಳನ್ನು ಬಲ್ಮಠದಲ್ಲಿ ಅಧ್ಯಯನ ಮಾಡಬೇಕೆಂದಿದ್ದೇನೆ. ಈ 13 ವಾರಗಳಲ್ಲಿ ಆರಾಧನೆ, ಕರ್ತನ ಭೋಜನ, ಶವಸಂಸ್ಕಾರ, ರೋಗಿಗಳ ಭೇಟಿ ಹಾಗೂ ಹಣಕಾಸಿನ ಹೊಣೆ ಯಾರದೆಂದು, ಅವರವರ ಒಪ್ಪಿಗೆಯ ಸಹಿಯೊಂದಿಗೆ ಲಗತ್ತಿಸಿದ್ದೇನೆ."

ಇಲ್ಲಿ ತಾರೀಖು ಹಾಕಿ, ಭೋಜನದ ಭಾನುವಾರ ಬದಲಾಗುವುದನ್ನು ಎರಡನೆಯ ಪ್ಯಾರಾದಲ್ಲಿ ಹೇಳು.

ಸಮಿತಿಗೆ ಅಧ್ಯಕ್ಷ ನೀನೇ. ನಿನ್ನ ರಜೆಯ ವಿಷಯ ಬಂದಾಗ ಕುರ್ಚಿ ಬಿಟ್ಟು ಏಳು. ಐದು ನಿಮಿಷ ವಿವರಿಸಿ, ಪ್ರಶ್ನೆಗಳಿಗೆ ಉತ್ತರಿಸಿ, ಹೊರಗೆ ಹೋಗಿ ಕೂತುಕೊ. ಆ ಹೊತ್ತು ಯಾರು ಅಧ್ಯಕ್ಷತೆ ವಹಿಸಬೇಕೆಂದು ವಲಯಾಧ್ಯಕ್ಷರನ್ನು ಮೊದಲೇ ಕೇಳಿಕೊ. ನಿನ್ನ ಮುಖ ನೋಡಿಕೊಂಡು ಯಾರೂ ಬೇಡ ಎನ್ನಲಾರರು, ಹಾಗೆ ಸಿಕ್ಕ ಒಪ್ಪಿಗೆ ಜುಲೈವರೆಗೂ ಬಾಳುವುದಿಲ್ಲ. ಮೂರು ತಿಂಗಳು ಹೆಚ್ಚಾಯಿತು, ಎರಡೇ ತಿಂಗಳು ಹೋಗಿ ಎಂದರೆ ಬೇಸರಿಸದೆ ಒಪ್ಪಿಕೊ. ಆಗ ಬಲ್ಮಠದ ವಾರಗಳನ್ನು ಕಡಿಮೆ ಮಾಡು, ಮೊದಲ ನಾಲ್ಕು ವಾರವನ್ನು ಮುಟ್ಟಬೇಡ.

ಹೋದ ಮೇಲೆ ಹೋದಂತೆಯೇ ಇರು. ಸಭೆಯ ವಾಟ್ಸಾಪ್ ಗುಂಪಿನಿಂದ ಹೊರಬಂದು ಹೋಗು. ಕಾರ್ಯದರ್ಶಿ ನಿನಗೆ ಫೋನು ಮಾಡಬೇಕಾದ ಸಂದರ್ಭಗಳು ಯಾವುವು ಎಂದು ಇಬ್ಬರೂ ಕೂತು ಮಾತಾಡಿಕೊಳ್ಳಿ. ನೀನು ಒಂದು ಶವಸಂಸ್ಕಾರಕ್ಕೆ ಓಡಿಬಂದರೆ, ಮುಂದಿನ ಮನೆಯವರು ನಮಗ್ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ, ಪಾಳಿಯಲ್ಲಿದ್ದ ಹಿರಿಯರಿಗೂ ಅವಮಾನವಾಗುತ್ತದೆ.

ಅರ್ಜಿಯನ್ನು ತಿದ್ದಿ, 13 ಭಾನುವಾರದ ಹಾಳೆಯ ಜೊತೆ ನನಗೆ ಕಳುಹಿಸು. ಫೆಬ್ರವರಿಯ ಸಮಿತಿ ಸಭೆಗೆ ಮುಂಚೆ ಓದಿ ಹೇಳುತ್ತೇನೆ. ದೊಡ್ಡಮ್ಮ ಅಕ್ಕಿ ಸಂಡಿಗೆ ಇಟ್ಟಿದ್ದಾಳೆ, ಜೂನ್‌ನಲ್ಲಿ ಬಂದಾಗ ಒಯ್ಯಬೇಕಂತೆ.

ಇಂತಿ,
ನಿನ್ನ ದೊಡ್ಡಪ್ಪ